ಸನ್ಮಾನದ ಬ್ಯಾನರು

ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೂ ಕುದೂರಿಗೂ ನಡುವಣ ರಸ್ತೆಯ ಇಕ್ಕೆಲಗಳಲ್ಲಿ ಪತಿಯೊಡನೆ ಆಲದ ಸಸಿಗಳನ್ನು ನೆಟ್ಟು, ದೂರದಿಂದ ನೀರು ಹೊತ್ತು ತಂದೆರೆದು, ದನಕರುಗಳ ಬಾಯಿಗೆ ಸಿಕ್ಕದಂತೆ ಮುಳ್ಳಿನ ಬೇಲಿ ಕಟ್ಟಿ, ಅವು ಮರಗಳಾಗಿ ದಾರಿಹೋಕರಿಗೆ ನೆರಳು ಕೊಡುವವರೆಗೂ ಕಾದು ಬೆಳೆಸಿದ ತಾಯಿಯೊಬ್ಬರನ್ನು ನಾಡಿನ ಜನ ‘ಸಾಲುಮರದ ತಿಮ್ಮಕ್ಕ’ ಎಂದು ಕರೆದರು. ಈ ಹೆಸರನ್ನು ಕೊಟ್ಟವರು ಯಾವ ವಿದ್ವತ್ಪರಿಷತ್ತಿನವರೂ ಅಲ್ಲ; ಆದರೂ ಸನ್ಮಾನದ ಬರವಣಿಗೆಯಲ್ಲಿ ತೊಡಗಿದವನೊಬ್ಬನು ಎದುರಿಗಿಟ್ಟುಕೊಳ್ಳಬಹುದಾದ ಮಾದರಿ ಇದಕ್ಕಿಂತ ಮಿಗಿಲಾದುದು ನನಗೆ ತೋರಿಲ್ಲ. ಎರಡು ಪದ, ಎಂಟು ಅಕ್ಷರ. ಅಷ್ಟರಲ್ಲಿಯೇ ಅವರು ಮಾಡಿದ ಕಾರ್ಯವಿದೆ, ಅವರ ಹೆಸರಿದೆ, ಆ ಹೆಸರಿನ ಮೈಗೇ ಅಂಟಿಕೊಂಡ ‘ಅಕ್ಕ’ನೆಂಬ ಗೌರವವೂ ಇದೆ. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಾಗ ಊರೂರುಗಳಲ್ಲಿ ಅಭಿನಂದನೆಯ ಬ್ಯಾನರು ಬರೆಯಿಸಿದವರು ಈ ಎಂಟು ಅಕ್ಷರಗಳಿಗೆ ಹೊಸದಾಗಿ ಯಾವ ವಿಶೇಷಣವನ್ನೂ ಜೋಡಿಸಬೇಕಾದ ಅವಶ್ಯಕತೆಯಿರಲಿಲ್ಲ.

ಎಲ್ಲರ ಹೆಸರೂ ಹೀಗೆ ಒದಗಿ ಬರುವುದಿಲ್ಲ. ಸಂಘದ ಕಾರ್ಯದರ್ಶಿಯೋ, ಶಾಲೆಯ ಮುಖ್ಯೋಪಾಧ್ಯಾಯರೋ, ಹಳೆಯ ವಿದ್ಯಾರ್ಥಿಗಳ ಬಳಗದವರೋ ಒಂದು ಸಂಜೆ ಬಂದು, ‘ಭಾನುವಾರ ಸನ್ಮಾನವಿದೆ, ವೇದಿಕೆಯ ಹಿಂದಕ್ಕೊಂದು ಬ್ಯಾನರು ಬೇಕು, ನಾಲ್ಕು ಮಾತು ಬರೆದುಕೊಡಿ’ ಎಂದು ಕೇಳಿದಾಗ, ಬರೆಯುವವನ ಮುಂದಿರುವುದು ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಬರಿಯ ಬಟ್ಟೆ ಮಾತ್ರ. ಆ ಬಟ್ಟೆಯ ಮೇಲೆ ಮೂರು ಸಂಗತಿಗಳು ಕೂಡಬೇಕು: ಗೌರವಸೂಚಕ, ಹೆಸರು, ಸಾಧನೆ. ಇಂಥ ಬರಹಗಳನ್ನು ನಮ್ಮೂರಿನ ಸಂಘಸಂಸ್ಥೆಗಳಿಗಾಗಿ ಬಹುಕಾಲದಿಂದ ಬರೆದುಕೊಡುತ್ತ ಬಂದಿರುವ ನನಗೆ ಅನುಭವದಿಂದ ದೃಢವಾಗಿರುವ ಅಭಿಪ್ರಾಯವೊಂದಿದೆ. ಅದೇನೆಂದರೆ, ಬ್ಯಾನರಿನ ಮೇಲೆ ಸೇರಿಸಿದ ಪ್ರತಿಯೊಂದು ಹೊಗಳಿಕೆಯ ಪದವೂ ಸನ್ಮಾನಿತರ ಹೆಸರಿನ ಅಕ್ಷರವನ್ನು ಅಷ್ಟಷ್ಟು ಕಿರಿದು ಮಾಡುತ್ತದೆ. ಸಾಧನೆಯನ್ನು ನಿಖರವಾಗಿ ಹೇಳಿದಲ್ಲಿ ಹೊಗಳಿಕೆಗೆ ಬೇರೆ ಸ್ಥಳವೇ ಬೇಕಾಗುವುದಿಲ್ಲ.

ಮೊದಲು ಗೌರವಸೂಚಕದ ವಿಷಯ. ನಮ್ಮಲ್ಲಿ ಇದರ ಭಂಡಾರ ದೊಡ್ಡದು. ಶ್ರೀ, ಶ್ರೀಮತಿ, ಶ್ರೀಯುತ, ಡಾ., ಪ್ರೊ., ವಿದ್ವಾನ್, ವಿದುಷಿ, ಪಂಡಿತ, ನಾಡೋಜ, ಸನ್ಮಾನ್ಯ, ಮಠಾಧಿಪತಿಗಳಾದರೆ ಎರಡೋ ಮೂರೋ ಸಲ ‘ಶ್ರೀ’, ಮಕ್ಕಳಾದರೆ ಚಿ. ಮತ್ತು ಕು. – ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕಿಂತ ಎಷ್ಟನ್ನು ಆರಿಸಬೇಕೆಂಬುದೇ ಮುಖ್ಯವಾದ ಪ್ರಶ್ನೆ; ನನ್ನ ಉತ್ತರ, ಒಂದೇ ಒಂದು. ‘ಡಾ.’ ಇದ್ದಲ್ಲಿ ‘ಶ್ರೀ’ ಬೇಡ; ‘ವಿದುಷಿ’ ಇದ್ದಲ್ಲಿ ‘ಶ್ರೀಮತಿ’ ಬೇಡ. ಎರಡನ್ನೂ ಇಟ್ಟರೆ ಮೊದಲಿನದು ಎರಡನೆಯದರ ತೂಕವನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಮಕ್ಕಳ ‘ಕು.’ ಎಂಬುದರಲ್ಲಿ ಮತ್ತೊಂದು ತೊಡಕಿದೆ: ಅದು ಕುಮಾರನೂ ಆಗಬಹುದು, ಕುಮಾರಿಯೂ ಆಗಬಹುದು, ಗಂಡು ಹೆಣ್ಣು ಇಬ್ಬರಿಗೂ ಇಡುವ ಹೆಸರಾಗಿದ್ದರೆ ದೂರದಿಂದ ಓದಿದವರಿಗೆ ಬಹುಮಾನ ಪಡೆದವರು ಹುಡುಗನೋ ಹುಡುಗಿಯೋ ತಿಳಿಯದೆ ಹೋಗುತ್ತದೆ. ಅಂಥಲ್ಲಿ ಆ ಪದವನ್ನು ಪೂರ್ತಿಯಾಗಿ ಬರೆಯುವುದೇ ಲೇಸು.

ರಾಷ್ಟ್ರಪ್ರಶಸ್ತಿಗಳ ವಿಚಾರದಲ್ಲಂತೂ ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ನಮ್ಮ ಸಂವಿಧಾನದ 18ನೆಯ ವಿಧಿ, ಸೈನ್ಯಕ್ಕೂ ವಿದ್ಯೆಗೂ ಸಂಬಂಧಪಟ್ಟ ಪದವಿಗಳನ್ನು ಬಿಟ್ಟು ಉಳಿದ ಬಿರುದುಗಳನ್ನು ಸರ್ಕಾರ ಕೊಡತಕ್ಕದ್ದಲ್ಲವೆಂದು ವಿಧಿಸಿದೆ. ಹಾಗಾದರೆ ಭಾರತರತ್ನ, ಪದ್ಮಶ್ರೀಗಳು ಬಿರುದುಗಳಲ್ಲವೇ ಎಂಬ ಪ್ರಶ್ನೆ ಬಾಲಾಜಿ ರಾಘವನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, 1995ರ ಡಿಸೆಂಬರಿನಲ್ಲಿ ನ್ಯಾಯಾಲಯ, ಅವು ಬಿರುದುಗಳಲ್ಲ, ಪ್ರಶಸ್ತಿಗಳು; ಆದಕಾರಣವೇ ಅವುಗಳನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಉಪಾಧಿಯಂತೆ ಬಳಸಕೂಡದು ಎಂದು ತೀರ್ಪಿತ್ತಿತು. ‘ಪದ್ಮಶ್ರೀ’ ಎಂಬುದನ್ನು ‘ಶ್ರೀ’ಯ ಸ್ಥಾನದಲ್ಲಿ ಕೂರಿಸಿ ಹೆಸರಿಗೆ ಹಚ್ಚುವ ನಮ್ಮ ಬ್ಯಾನರುಗಳ ರೂಢಿ ಈ ತೀರ್ಪಿಗೆ ವಿರುದ್ಧವಾದುದು. ಆದರೆ ಇದರಿಂದ ಬರೆಯುವವನಿಗೆ ನಷ್ಟವೇನೂ ಇಲ್ಲ. ಗೌರವಸೂಚಕದ ಸ್ಥಾನದಿಂದ ಆ ಪದವನ್ನು ಎತ್ತಿ ಸಾಧನೆಯ ಸಾಲಿಗೆ ಒಯ್ದು, ‘ಪದ್ಮಶ್ರೀ ಪ್ರಶಸ್ತಿ ಪಡೆದ’ ಎಂದು ಮೇಲೆ ಬರೆದು, ಹೆಸರಿನ ಸಾಲಿನಲ್ಲಿ ಹೆಸರನ್ನು ಮಾತ್ರ ಬಿಟ್ಟರೆ ಮಾತು ನಿರ್ದುಷ್ಟವಾಗುತ್ತದೆ, ಹೆಸರಿಗೂ ಸ್ಥಳ ದೊರೆಯುತ್ತದೆ.

‘ಡಾ.’ ಎಂಬ ಒಂದಕ್ಷರದ ವಿಷಯದಲ್ಲಿಯೂ ವಿಚಾರಿಸುವುದು ಒಳ್ಳೆಯದು. ಗೌರವ ಡಾಕ್ಟರೇಟ್ ಪಡೆದ ಹಿರಿಯರನ್ನು ನಮ್ಮ ಜನ ಪ್ರೀತಿಯಿಂದ ಡಾಕ್ಟರೆಂದೇ ಕರೆದಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ರಾಜ್‌ಕುಮಾರರಿಗೆ ಅದನ್ನು ಕೊಟ್ಟ ತರುವಾಯ ‘ಡಾ. ರಾಜ್’ ಎಂಬುದು ಬೇರ್ಪಡಿಸಲಾಗದ ಒಂದೇ ಮಾತಾಯಿತು. ಇಂಥ ರೂಢಿಯನ್ನು ಬದಲಾಯಿಸಹೊರಡುವುದು ವ್ಯರ್ಥ. ಆದರೆ 1956ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಾಯಿದೆಯ ಪ್ರಕಾರ ಪದವಿ ಕೊಡುವ ಅಧಿಕಾರ ಶಾಸನಬದ್ಧವಾದ ವಿಶ್ವವಿದ್ಯಾನಿಲಯಗಳಿಗೂ ಅದೇ ಕಾಯಿದೆ ಒಪ್ಪಿದ ಸಂಸ್ಥೆಗಳಿಗೂ ಮಾತ್ರ ಇದೆ. ಯಾವುದೋ ಸಭಾಂಗಣದಲ್ಲಿ ಶಾಲು ಹೊದಿಸಿ ಕೊಟ್ಟ ‘ಡಾಕ್ಟರೇಟ್’ ಪತ್ರವನ್ನು ನಂಬಿ ಆ ಅಕ್ಷರವನ್ನು ಬ್ಯಾನರಿಗೆ ಏರಿಸಿದರೆ, ಸಭೆಯಲ್ಲಿ ಕುಳಿತ ಬಲ್ಲವರ ಮುಂದೆ ಸನ್ಮಾನಿತರಿಗೇ ಸಂಕೋಚವಾಗುತ್ತದೆ. ಪತ್ರ ಕೊಟ್ಟವರು ಯಾರೆಂದು ಒಮ್ಮೆ ನೋಡಿಕೊಂಡರೆ ಸಾಕು.

ಹೆಸರಿಗೆ ಬರೋಣ. ಕನ್ನಡದಲ್ಲಿ ಗೌರವವೆಂಬುದು ಹೆಸರಿನ ಮುಂದೆ ಮಾತ್ರವಲ್ಲ, ಹೆಸರಿನ ಕೊನೆಯಲ್ಲಿಯೂ ಇರುತ್ತದೆ. ಇದನ್ನರಿತವನಿಗೆ ಬ್ಯಾನರಿನಲ್ಲಿ ಎಷ್ಟೋ ಸ್ಥಳ ಉಳಿಯುತ್ತದೆ. ಅಯ್ಯ, ಅಪ್ಪ, ಅಣ್ಣ, ಅಮ್ಮ ಎಂದು ಮುಗಿಯುವ ಹೆಸರಿಗೆ ‘ನವರಿಗೆ’ ಎಂಬುದು ಕೂಡಿಕೊಳ್ಳುತ್ತದೆ. ಮೂರ್ತಿ, ಶಾಸ್ತ್ರಿ ಎಂಬವಕ್ಕೆ ‘ಯವರಿಗೆ’. ಭಟ್ಟ, ಗೌಡ, ನಾಯಕ, ಅಡಿಗ, ಕಾರಂತ ಎಂಬವು ಬಹುವಚನವನ್ನು ತಾವೇ ತಾಳಿ ‘ಭಟ್ಟರಿಗೆ’, ‘ಗೌಡರಿಗೆ’, ‘ಕಾರಂತರಿಗೆ’ ಎಂದು ಗೌರವವನ್ನೂ ವಿಭಕ್ತಿಯನ್ನೂ ಒಂದೇ ಪದದಲ್ಲಿ ಮುಗಿಸಿಬಿಡುತ್ತವೆ. ‘ಕಾರಂತ ಅವರಿಗೆ’ ಎಂದು ಬಿಡಿಸಿ ಬರೆದರೆ ಏಳು ಅಕ್ಷರ ಮತ್ತೊಂದು ತೆರವು. ‘ಕಾರಂತರಿಗೆ’ ಎಂದರೆ ಐದೇ ಅಕ್ಷರ, ಕಿವಿಗೂ ಹಿತ. ರಾವ್, ಅಯ್ಯಂಗಾರ್ ಎಂದು ವ್ಯಂಜನದಲ್ಲಿ ನಿಲ್ಲುವ ಹೆಸರುಗಳಿಗೆ ಮಾತ್ರ ‘ಅವರಿಗೆ’ ಬೇರೆಯಾಗಿಯೇ ಬೇಕು; ಹಳಬರು ‘ರಾಯರಿಗೆ’ ಎಂದು ಅಲ್ಲಿಯೂ ದಾರಿ ಮಾಡಿಕೊಂಡಿದ್ದರು.

ಇಷ್ಟೆಲ್ಲ ಜಾಣ್ಮೆಗಿಂತಲೂ ಮೊದಲು ಮಾಡಬೇಕಾದ ಕೆಲಸವೆಂದರೆ ಆ ವ್ಯಕ್ತಿ ತಮ್ಮ ಹೆಸರನ್ನು ತಾವು ಹೇಗೆ ಬರೆದುಕೊಳ್ಳುತ್ತಾರೆಂದು ತಿಳಿಯುವುದು. ‘ನಾರಾಯಣ ರಾವ್’ ಎಂದು ಬಿಡಿಸಿ ಬರೆಯುವವರಿದ್ದಾರೆ, ‘ನಾರಾಯಣರಾವ್’ ಎಂದು ಕೂಡಿಸಿ ಬರೆಯುವವರಿದ್ದಾರೆ. ಇನಿಷಿಯಲ್ ಒಂದೇ ಇಟ್ಟುಕೊಂಡವರಿದ್ದಾರೆ, ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಬಿಡದೆ ಹೇಳುವವರಿದ್ದಾರೆ. ಇಂಗ್ಲಿಷಿನಲ್ಲಿರುವ ಹೆಸರಿನಿಂದ ಕನ್ನಡಕ್ಕೆ ಊಹಿಸಿ ಬರೆಯುವುದು ಅತ್ಯಂತ ಅಪಾಯಕರ. ಹ್ರಸ್ವವೋ ದೀರ್ಘವೋ, ‘ತ’ವೋ ‘ಥ’ವೋ, ‘ನ’ವೋ ‘ಣ’ವೋ ಅದರಿಂದ ಹೊರಡುವುದಿಲ್ಲ. ಮನೆಯವರು ಒಂದು ಚೀಟಿಯಲ್ಲಿ ಕೈಯಾರೆ ಬರೆದುಕೊಟ್ಟ ಹೆಸರೇ ಪ್ರಮಾಣ.

ಇನ್ನು ಸಾಧನೆ. ನಿವೃತ್ತರಾಗುತ್ತಿರುವ ಉಪಾಧ್ಯಾಯರೊಬ್ಬರಿಗೆ ಊರಿನವರು ಸನ್ಮಾನ ಮಾಡುತ್ತಾರೆನ್ನಿ. ‘ಆದರ್ಶ ಶಿಕ್ಷಕ, ವಿದ್ಯಾರ್ಥಿಗಳ ಕಣ್ಮಣಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ಬರೆದುಕೊಂಡು ಬರುವವರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಈ ಮಾತುಗಳು ಯಾವ ಊರಿನ ಯಾವ ಶಿಕ್ಷಕರಿಗಾದರೂ ಸಲ್ಲುವಂಥವು. ಸಭೆಯಲ್ಲಿ ಕುಳಿತವನು ಇವನ್ನೋದಿ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಇದರ ಬದಲು ‘36 ವರ್ಷ ನಮ್ಮೂರಿನ ಮಕ್ಕಳಿಗೆ ಪಾಠ ಹೇಳಿದ’ ಎಂದು ಬರೆದು ಕೆಳಗೆ ಮೇಷ್ಟ್ರ ಹೆಸರನ್ನಿಟ್ಟು ನೋಡಿ. ಒಂದು ವಿಶೇಷಣವೂ ಇಲ್ಲದ ಈ ಸಾಲನ್ನೋದುವಾಗ, ಸಭೆಯಲ್ಲಿರುವ ಐವತ್ತು ವಯಸ್ಸಿನವನೂ ಅವನ ಪಕ್ಕದಲ್ಲಿ ಕುಳಿತ ಮಗನೂ ತಾವಿಬ್ಬರೂ ಅವರ ಶಿಷ್ಯರೆಂಬುದನ್ನು ನೆನೆಯುತ್ತಾರೆ. ಅಂಕಿಗಳ ಗುಣವೇ ಇದು. ಅವು ಸ್ವಲ್ಪವೇ ಸ್ಥಳ ಹಿಡಿಯುತ್ತವೆ, ಎಲ್ಲವನ್ನೂ ಹೇಳಿಬಿಡುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಟ್ಟು ಅಂಕ 625 ಎಂಬುದನ್ನು ನಮ್ಮ ನಾಡಿನಲ್ಲಿ ತಿಳಿಯದ ಮನೆಯಿಲ್ಲ; ಒಬ್ಬ ಹುಡುಗಿಯ ಹೆಸರಿನ ಮೇಲೆ ‘625ಕ್ಕೆ 625’ ಎಂದು ಬರೆದ ತರುವಾಯ ‘ಅಪ್ರತಿಮ ಪ್ರತಿಭೆ’ ಎಂಬುದಕ್ಕೆ ಅಲ್ಲಿ ಮಾಡುವ ಕೆಲಸವಾದರೂ ಏನಿದೆ?

ಸಾಧನೆಯ ಸಾಲಿನ ಕೊನೆಯ ಪದವನ್ನು ತೂಗಿ ನೋಡಿ ಆರಿಸಬೇಕು. ಸ್ಪರ್ಧೆಯಲ್ಲಿ ಗೆದ್ದವರು ‘ವಿಜೇತ’ರು, ಕುಸ್ತಿಗೂ ಕಬಡ್ಡಿಗೂ ರಸಪ್ರಶ್ನೆಗೂ ಅದು ಸರಿ. ಯಾರೊಡನೆಯೂ ಸೆಣಸದೆ, ತಮ್ಮಷ್ಟಕ್ಕೆ ದುಡಿದವರನ್ನು ಹುಡುಕಿಕೊಂಡು ಬಂದ ಗೌರವಕ್ಕೆ ‘ಪುರಸ್ಕೃತ’ ಎಂಬುದು ಒಪ್ಪುತ್ತದೆ. ಇವೆರಡನ್ನೂ ಮನಬಂದಂತೆ ಬಳಸುವುದರಿಂದ ‘ರಾಜ್ಯೋತ್ಸವ ಪ್ರಶಸ್ತಿ ವಿಜೇತ’ ಎಂಬಂಥ ಮಾತುಗಳು ಹುಟ್ಟಿ ಬಳಕೆಯಲ್ಲಿ ನಿಂತಿವೆ. ಆ ಪ್ರಶಸ್ತಿಗಾಗಿ ಯಾರೂ ಕಣಕ್ಕಿಳಿದು ಗೆದ್ದು ಬರುವುದಿಲ್ಲ. ‘ಪ್ರಶಸ್ತಿ ಪುರಸ್ಕೃತ’ ಎಂಬುದರಲ್ಲಿ ಒಂದೇ ಅರ್ಥ ಎರಡು ಸಲ ಬರುತ್ತದೆ. ಬಾಯಿಮಾತಿನಲ್ಲಿ ಅದು ಸಲ್ಲುತ್ತದೆ, ಅಕ್ಷರಕ್ಕೆ ಬರವಿರುವ ಬಟ್ಟೆಯ ಮೇಲೆ ಸಲ್ಲದು.

ಇಷ್ಟು ಹೇಳಿದ ಮೇಲೆ ಒಂದು ಬ್ಯಾನರನ್ನು ಮೊದಲಿನಿಂದ ಕಟ್ಟಿ ನೋಡೋಣ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಾಗ, ಅವರು ದೀರ್ಘಕಾಲ ನೆಲಸಿ ಬಾಲವನವನ್ನು ಕಟ್ಟಿದ ಪುತ್ತೂರಿನ ಜನ ಅವರನ್ನು ಕರೆದು ಸನ್ಮಾನಿಸುವುದಕ್ಕಾಗಿ ಬ್ಯಾನರಿನ ಬರಹ ಕೇಳಿದರೆಂದು ಭಾವಿಸಿಕೊಳ್ಳಿ. ಸಾಮಾನ್ಯವಾಗಿ ಬರೆಯುವವರ ಕೈಗೆ ಬಂದು ಸೇರುವ ಮೊದಲ ಕರಡು ಹೀಗಿರುತ್ತದೆ: ‘ನಡೆದಾಡುವ ವಿಶ್ವಕೋಶ, ಕಡಲತೀರದ ಭಾರ್ಗವ, ಪದ್ಮಭೂಷಣ, ಜ್ಞಾನಪೀಠ ಪ್ರಶಸ್ತಿ ವಿಜೇತ, ಸಾಹಿತ್ಯ ದಿಗ್ಗಜ ಡಾ. ಕೆ. ಶಿವರಾಮ ಕಾರಂತ ಅವರಿಗೆ ಪುತ್ತೂರಿನ ಸಮಸ್ತ ನಾಗರಿಕರ ಪರವಾಗಿ ಹಾರ್ದಿಕ ಅಭಿನಂದನೆಗಳು.’ ಎಣಿಸಿದರೆ ಎಪ್ಪತ್ತೆಂಟು ಅಕ್ಷರ.

ಇದರಲ್ಲಿ ಮೊದಲು ತೆಗೆಯಬೇಕಾದದ್ದು ‘ಪದ್ಮಭೂಷಣ’. ಸ್ಥಳಾಭಾವದಿಂದಲ್ಲ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಕಾರಂತರು ಆ ಗೌರವವನ್ನು ಹಿಂದಿರುಗಿಸಿದ್ದರು. ತಾವೇ ಕಳಚಿಟ್ಟ ಪದಕವನ್ನು ಊರಿನವರು ಬಟ್ಟೆಯ ಮೇಲೆ ಬರೆದು ಅವರ ಬೆನ್ನ ಹಿಂದೆ ತೂಗುಹಾಕಿದ್ದರೆ ಅದು ಅವರ ನಿಲುವಿಗೆ ಮಾಡಿದ ಅಗೌರವವೇ ಆಗುತ್ತಿತ್ತು. ಸನ್ಮಾನಿತರು ಪಡೆದುದನ್ನು ಮಾತ್ರವಲ್ಲ, ಬಿಟ್ಟುದನ್ನೂ ಬರೆಯುವವನು ಬಲ್ಲವನಾಗಿರಬೇಕೆಂದು ನಾನು ಹೇಳುವುದು ಇದಕ್ಕಾಗಿ. ‘ನಡೆದಾಡುವ ವಿಶ್ವಕೋಶ’, ‘ಕಡಲತೀರದ ಭಾರ್ಗವ’ – ಇವು ಜನ ಕೊಟ್ಟ ಸೊಗಸಾದ ಹೆಸರುಗಳೇ. ಆದರೆ ಇವು ಭಾಷಣಕಾರರ ಸ್ವತ್ತು, ಅವರ ಬಾಯಲ್ಲಿ ಬರಲಿ. ‘ಸಾಹಿತ್ಯ ದಿಗ್ಗಜ’ವನ್ನು ಬಿಡುವುದಕ್ಕೆ ವಿಚಾರವೇ ಬೇಡ. ‘ವಿಜೇತ’ ಹೋಗಿ ‘ಪುರಸ್ಕೃತ’ ಬಂದರೆ ‘ಪ್ರಶಸ್ತಿ’ಯೂ ತಾನಾಗಿ ಬಿಟ್ಟುಹೋಗುತ್ತದೆ. ಕಾದಂಬರಿಯ ಹೆಸರನ್ನು ಸೇರಿಸಬೇಕೆಂಬ ಆಸೆ ನನಗೂ ಆಗುತ್ತದೆ, ಏಕೆಂದರೆ ಸಾಧನೆಯೆಂದರೆ ವಾಸ್ತವವಾಗಿ ಆ ಪುಸ್ತಕವೇ. ಆದರೆ ಅದಕ್ಕೆ ಆಹ್ವಾನಪತ್ರಿಕೆಯಲ್ಲಿ ಸ್ಥಳವಿದೆ. ‘ಕೆ.’ ಎಂಬುದಿಲ್ಲದೆಯೇ ಕನ್ನಡ ನಾಡು ಅವರನ್ನು ಗುರುತಿಸುತ್ತದೆ. ‘ಸಮಸ್ತ ನಾಗರಿಕರ ಪರವಾಗಿ’ ಎಂಬಲ್ಲಿ ಊರಿನ ಹೆಸರೇ ಸಾಕು. ಪುತ್ತೂರು ಎಂದರೆ ಪುತ್ತೂರಿನ ಜನರೇ. ಹೀಗೆ ಉಳಿದದ್ದು ಮೂರು ಸಾಲು:

ಜ್ಞಾನಪೀಠ ಪುರಸ್ಕೃತ
ಡಾ. ಶಿವರಾಮ ಕಾರಂತರಿಗೆ
ಪುತ್ತೂರಿನ ಅಭಿನಂದನೆ

ಇಪ್ಪತ್ತೇಳು ಅಕ್ಷರ. ವ್ಯಾಕರಣದ ಕ್ರಮವೂ ಕಣ್ಣಿನ ಕ್ರಮವೂ ಇಲ್ಲಿ ಬೇರೆಬೇರೆಯಾಗಿರುವುದನ್ನು ಗಮನಿಸಬೇಕು. ಕನ್ನಡ ವಾಕ್ಯದಲ್ಲಿ ವಿಶೇಷಣ ಮೊದಲು, ವಿಶೇಷ್ಯ ಅನಂತರ. ಆದಕಾರಣ ಸಾಧನೆ ಮೇಲಿನ ಸಾಲಿಗೂ ಹೆಸರು ನಡುವಿಗೂ ತಾವಾಗಿಯೇ ಬರುತ್ತವೆ. ಕಣ್ಣಾದರೋ ದೊಡ್ಡ ಅಕ್ಷರವನ್ನು ಮೊದಲು ಹಿಡಿಯುತ್ತದೆ. ನಡುವಿನ ಸಾಲನ್ನು ದೊಡ್ಡದಾಗಿ ಬರೆದರೆ ಓದುವವನು ಹೆಸರನ್ನು ಹಿಡಿದು, ಆಮೇಲೆ ಮೇಲಕ್ಕೆ ಹೋಗಿ ಸಾಧನೆಯನ್ನೂ ಕೆಳಕ್ಕೆ ಇಳಿದು ಅಭಿನಂದಿಸುವವರನ್ನೂ ತಿಳಿಯುತ್ತಾನೆ. ಎರಡು ಕ್ರಮಗಳಿಗೂ ವಿರೋಧವಿಲ್ಲದಂತಾಗುತ್ತದೆ. ಗೌರವಸೂಚಕವನ್ನು ಒಂದು ಸಾಲಿನ ಕೊನೆಯಲ್ಲಿ ಬಿಟ್ಟು ಹೆಸರನ್ನು ಮುಂದಿನ ಸಾಲಿಗೆ ತಳ್ಳುವ ತಪ್ಪು ಮಾತ್ರ ಆಗಕೂಡದು.

ಈಗ ಅಳತೆ. ಬೋರ್ಡು ಬರೆಯುವವರಲ್ಲಿ ರೂಢಿಯಲ್ಲಿರುವ ಒಂದು ಲೆಕ್ಕವಿದೆ: ನೋಡುವವನು ಹತ್ತು ಅಡಿ ದೂರದಲ್ಲಿದ್ದರೆ ಅಕ್ಷರಕ್ಕೆ ಒಂದು ಅಂಗುಲ ಎತ್ತರ. ಸಭಾಂಗಣದ ಕೊನೆಯ ಬೆಂಚು ಅರುವತ್ತು ಅಡಿ ದೂರದಲ್ಲಿದ್ದರೆ ಅತ್ಯಂತ ಸಣ್ಣ ಅಕ್ಷರವೂ ಆರು ಅಂಗುಲಕ್ಕೆ ಕಡಮೆಯಿರಬಾರದು. ಇಂಗ್ಲಿಷಿನಲ್ಲಿ ಅಷ್ಟಕ್ಕೇ ಲೆಕ್ಕ ಮುಗಿಯುತ್ತದೆ; ಕನ್ನಡದಲ್ಲಿ ಹಾಗಲ್ಲ. ಅಕ್ಷರದ ಮೇಲೆ ಗುಡಿಸು, ಏತ್ವಗಳಿಗೆ ಜಾಗ ಬೇಕು, ಕೆಳಗೆ ಒತ್ತಕ್ಷರಕ್ಕೆ ಬೇಕು. ಆರು ಅಂಗುಲದ ಅಕ್ಷರದ ಸಾಲು ಹನ್ನೊಂದು ಅಂಗುಲವನ್ನು ಸುಲಭವಾಗಿ ಬೇಡುತ್ತದೆ. ನಾಲ್ಕು ಅಡಿಯೆಂದರೆ ನಲವತ್ತೆಂಟು ಅಂಗುಲ; ಮೇಲೆ ಕೆಳಗೆ ನಾಲ್ಕು ನಾಲ್ಕು ಅಂಗುಲ ಬಿಟ್ಟರೆ ಉಳಿಯುವುದು ನಲವತ್ತು. ಮೊದಲ ಮತ್ತು ಕೊನೆಯ ಸಾಲುಗಳಿಗೆ ಹನ್ನೊಂದರಂತೆ ಇಪ್ಪತ್ತೆರಡನ್ನು ಕೊಟ್ಟರೂ ಹೆಸರಿನ ಸಾಲಿಗೆ ಹದಿನೆಂಟು ಅಂಗುಲ ಮಿಗುತ್ತದೆ. ಅಲ್ಲಿ ಒಂಬತ್ತು ಅಂಗುಲದ ಅಕ್ಷರ ನಿಶ್ಚಿಂತೆಯಿಂದ ಕೂರುತ್ತದೆ. ಕನ್ನಡದ ಅಕ್ಷರ ಎತ್ತರದಷ್ಟೇ ಅಗಲವಾದುದು. ಹೆಸರಿನ ಸಾಲಿನ ಹತ್ತು ಅಕ್ಷರಗಳೂ, ‘ರಂ’ನ ಬಿಂದುವೂ, ತೆರವುಗಳೂ ಸೇರಿ ಸುಮಾರು ನೂರಿಪ್ಪತ್ತು ಅಂಗುಲವಾದರೆ, ಹನ್ನೆರಡು ಅಡಿಯ ಬಟ್ಟೆಯ ಎರಡು ಅಂಚಿನಲ್ಲಿಯೂ ಒಂದೊಂದು ಅಡಿ ಖಾಲಿ ಉಳಿಯುತ್ತದೆ. ಮೊದಲ ಕರಡನ್ನು ಇದೇ ಬಟ್ಟೆಗೆ ಇಳಿಸಬೇಕಾಗಿದ್ದರೆ ಐದು ಸಾಲು ಬೇಕಾಗಿ, ಅಕ್ಷರ ನಾಲ್ಕು ಅಂಗುಲಕ್ಕೆ ಇಳಿದು, ಹಿಂದಿನ ಬೆಂಚುಗಳಲ್ಲಿ ಕುಳಿತವರಿಗೆ ಕಾರಂತರ ಹೆಸರೇ ಸ್ಪಷ್ಟವಾಗುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ನೋಡಬೇಕು. ‘ಪುರಸ್ಕೃತ’ದಲ್ಲಿರುವ ‘ಸ್ಕೃ’ ನಮ್ಮ ಲಿಪಿಯ ಅತಿ ಆಳವಾದ ಅಕ್ಷರಗಳಲ್ಲೊಂದು. ‘ಸ’ಕಾರದ ಕೆಳಗೆ ‘ಕ’ಕಾರದ ಒತ್ತು, ಅದರ ಪಕ್ಕದಲ್ಲಿ ಋಕಾರದ ಸುಳಿ. ಅದು ಇಳಿದು ಬರುವ ಕಡೆಯಲ್ಲಿ ಕೆಳಗಿನ ಸಾಲಿನ ಗುಡಿಸೊಂದು ಎದ್ದು ನಿಂತಿದ್ದರೆ ಎರಡೂ ಒಂದಕ್ಕೊಂದು ತಗುಲಿ ದೂರಕ್ಕೆ ಕಪ್ಪು ಕಲೆಯಾಗಿ ಕಾಣುತ್ತವೆ. ಸಾಲುಗಳನ್ನು ನಡುವಿಗೆ ಹೊಂದಿಸಿ ಬರೆದಾಗ ಇಲ್ಲಿ ‘ಸ್ಕೃ’ ಬಂದು ನಿಲ್ಲುವುದು ‘ಕಾರಂತ’ ಎಂಬುದರ ಮೇಲೆ. ಆ ಮೂರು ಅಕ್ಷರಗಳಿಗೂ ತಲೆಯ ಮೇಲೆ ಗುಡಿಸಿಲ್ಲ. ಹೀಗೆ ಅನುಕೂಲವಾಗದ ಕಡೆ ಮೇಲಿನ ಸಾಲನ್ನು ಎಡಕ್ಕೋ ಬಲಕ್ಕೋ ಅರ್ಧ ಅಕ್ಷರದಷ್ಟು ಸರಿಸಿದರೆ ಸಾಕು, ನೋಡುವವರಿಗೆ ತಿಳಿಯುವುದಿಲ್ಲ.

ಈ ವಿದ್ಯೆಯನ್ನು ನಾನು ಕಲಿತದ್ದು ನಮ್ಮ ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರಿಂದ. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಟ್ಟೆಯ ಮೇಲೆ ಬಿಗಿಯಾಗಿ ಹಿಡಿದು ಚಿಮ್ಮಿಸಿ ಗೆರೆ ಮೂಡಿಸಿಕೊಂಡು, ನಾನು ಕೊಟ್ಟ ಚೀಟಿಯ ಅಕ್ಷರಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸಿಕೊಂಡು, ಅವರು ಮೇಲಿನ ಸಾಲನ್ನು ಮುಟ್ಟದೆ ನಡುವಿನ ಸಾಲಿಗೇ ಕುಂಚ ಹಚ್ಚುತ್ತಿದ್ದರು. ‘ಮೊದಲು ಹೆಸರು ಬರೀತೀನಿ ಸ್ವಾಮಿ, ಉಳಿದದ್ದು ಆಮೇಲೆ, ಉಳಿದ ಜಾಗದಲ್ಲಿ’ ಎನ್ನುತ್ತಿದ್ದರು. ಬೀದಿಗೆ ಅಡ್ಡಲಾಗಿ ಕಟ್ಟುವ ಬ್ಯಾನರಾದರೆ, ಗಾಳಿಗೆ ಹಾಯಿಯಂತೆ ಉಬ್ಬಿ ಹಗ್ಗ ಕಿತ್ತುಕೊಳ್ಳದಿರಲೆಂದು ಅಲ್ಲಲ್ಲಿ ಅರ್ಧಚಂದ್ರಾಕಾರದ ಸೀಳು ಕೊಡುವುದುಂಟು. ಆ ಸೀಳುಗಳನ್ನೂ ಅವರು ಸಾಲುಗಳ ನಡುವಣ ಬರಿದಾಣದಲ್ಲಿಯೇ ಕೊಡುತ್ತಿದ್ದರು, ಹೆಸರಿನ ಅಕ್ಷರದೊಳಗೆ ಕತ್ತರಿಯಾಡಿಸಲು ಒಪ್ಪುತ್ತಿರಲಿಲ್ಲ.

ಫ್ಲೆಕ್ಸ್ ಬಂದ ಮೇಲೆ ಈ ಶಿಸ್ತು ಸಡಿಲಿತು. ಕಂಪ್ಯೂಟರಿನಲ್ಲಿ ಅಕ್ಷರವನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು. ಕೈಯಿಂದ ಬರೆಯುವ ಶ್ರಮವಿಲ್ಲದಿರುವುದರಿಂದ ಮಾತಿಗೆ ಕಡಿವಾಣವಿಲ್ಲ. ಅದಕ್ಕಿಂತ ಮಿಗಿಲಾಗಿ, ಶುಭ ಕೋರುವವರ ಭಾವಚಿತ್ರಗಳು ಎರಡು ಸಾಲಾಗಿ ಬಂದು ಕುಳಿತು ಸನ್ಮಾನಿತರ ಹೆಸರು ಒಂದು ಮೂಲೆಗೆ ಸರಿಯಿತು. ಪ್ಲಾಸ್ಟಿಕ್ಕಿನ ಬ್ಯಾನರು, ಫ್ಲೆಕ್ಸುಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ನಿಷೇಧಿಸಿತು. 2018ರಲ್ಲಿ ಉಚ್ಚ ನ್ಯಾಯಾಲಯದ ಒತ್ತಾಯದಿಂದ ಬೆಂಗಳೂರಿನ ಬೀದಿಗಳಲ್ಲಿ ಅವನ್ನು ಕಿತ್ತುಹಾಕಿದ್ದೂ ನಡೆಯಿತು. ಪರಿಸರದ ದೃಷ್ಟಿಯಿಂದ ಬಂದ ಈ ನಿಷೇಧವನ್ನು ಬರವಣಿಗೆಯ ದೃಷ್ಟಿಯಿಂದಲೂ ನಾನು ಸ್ವಾಗತಿಸುತ್ತೇನೆ. ಬಟ್ಟೆಯ ಮೇಲೆ ಮುದ್ರಿಸುವ ಅನುಕೂಲ ಈಗ ಇದ್ದೇ ಇದೆ.

ಮುದ್ರಣದಲ್ಲಿ ಎಚ್ಚರಿಕೆ ವಹಿಸಬೇಕಾದ ಸ್ಥಳಗಳು ಎರಡು. ಫೋನಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳುಹಿಸಿದ ಬರಹವನ್ನು ಅಂಗಡಿಯವರು ನುಡಿಯ ಹಳೆಯ ಅಕ್ಷರವಿನ್ಯಾಸಕ್ಕೆ ಬದಲಾಯಿಸುವಾಗ ಒತ್ತುಗಳೂ ಅರ್ಕಾವತ್ತುಗಳೂ ಸ್ಥಳ ತಪ್ಪುವುದುಂಟು. ‘ಹಾರ್ದಿಕ’, ‘ಮೂರ್ತಿ’, ‘ಪುರಸ್ಕೃತ’ – ಇಂಥವನ್ನು ಬೆರಳಿಟ್ಟು ನೋಡಬೇಕು. ಮತ್ತೊಂದು, ವಿದ್ಯಾರ್ಥಿಗಳ ಸನ್ಮಾನದಲ್ಲಿ ತಪ್ಪದೆ ಬರುವ ‘ರ‍್ಯಾಂಕ್’ ಎಂಬ ಪದ: ಕಂಪ್ಯೂಟರು ಅದನ್ನು ತಾನಾಗಿ ‘ರ್ಯಾಂಕ್’ ಎಂದು, ‘ಯ’ಕಾರಕ್ಕೆ ಅರ್ಕಾವತ್ತು ಹಾಕಿದಂತೆ ತೋರಿಸುತ್ತದೆ, ‘ರ’ಕಾರಕ್ಕೆ ‘ಯ’ಒತ್ತು ಬರುವಂತೆ ಅಂಗಡಿಯವರಿಗೆ ಹೇಳಿ ತಿದ್ದಿಸಬೇಕು.

ಕರಡನ್ನು ಒಪ್ಪುವ ಮುನ್ನ ಪರೀಕ್ಷಿಸುವುದಕ್ಕೆ ಸುಲಭವಾದ ಉಪಾಯವೊಂದಿದೆ. ಹನ್ನೆರಡು ಅಡಿಗೆ ನಾಲ್ಕು ಅಡಿಯ ಬ್ಯಾನರನ್ನು ಹನ್ನೆರಡು ಅಂಗುಲಕ್ಕೆ ನಾಲ್ಕು ಅಂಗುಲದ ಕಾಗದದ ಮೇಲೆ ಮುದ್ರಿಸಿ, ಗೋಡೆಗೆ ಅಂಟಿಸಿ, ಐದು ಅಡಿ ದೂರದಲ್ಲಿ ನಿಂತು ಓದಬೇಕು. ಅಳತೆ ಹನ್ನೆರಡರಲ್ಲೊಂದು ಭಾಗಕ್ಕೆ ಇಳಿದಿರುವುದರಿಂದ ಆ ಐದು ಅಡಿಯೇ ಸಭಾಂಗಣದ ಅರುವತ್ತು ಅಡಿ. ಅಲ್ಲಿಂದ ಓದಲಾಗದ ಯಾವ ಪದವೂ ಭಾನುವಾರದ ಸಭೆಯಲ್ಲಿ ಯಾರಿಗೂ ಓದಲು ಸಿಗುವುದಿಲ್ಲ. ಅದನ್ನು ನಿಸ್ಸಂಕೋಚವಾಗಿ ತೆಗೆದುಹಾಕಬಹುದು. ಮನೆಯಲ್ಲಿರುವ ಮಗುವೊಂದನ್ನು ಕರೆದು ಗಟ್ಟಿಯಾಗಿ ಓದಿಸಿದರೆ ಇನ್ನೂ ಒಳ್ಳೆಯದು. ಮಗು ಎಡವಿದ ಕಡೆಯಲ್ಲಿ ಒಂದೋ ಅಕ್ಷರ ತಪ್ಪಿರುತ್ತದೆ, ಇಲ್ಲವೆ ಸಾಲು ತಪ್ಪಾದೆಡೆಯಲ್ಲಿ ಮುರಿದಿರುತ್ತದೆ.

ಈ ವರ್ಷ ನಿಮ್ಮೂರಿನಲ್ಲಿಯೂ ಯಾರಿಗಾದರೂ ಸನ್ಮಾನ ನಡೆದೇ ನಡೆಯುತ್ತದೆ. ಬ್ಯಾನರಿನ ಬರಹ ನಿಮ್ಮ ಪಾಲಿಗೆ ಬಂದರೆ ದಯವಿಟ್ಟು ಅದನ್ನು ಅಂಗಡಿಗೆ ಕಳುಹಿಸುವ ಮೊದಲು ಸನ್ಮಾನಿತರ ಮನೆಗೆ ಹೋಗಿ, ಅವರ ಹೆಸರನ್ನು ಅವರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಬನ್ನಿ.